ಚಿತ್ರ ಕತ್ತರಿಸಿದಾಗ ಹೆಸರಿಗೆ ಏನಾಗುತ್ತದೆ?

*ಜಿಲ್ಲಾ ಪತ್ರಿಕೆಯೊಂದರ ಫೋಟೊ ಡೆಸ್ಕ್‌ಗೆ ತಂತ್ರಾಂಶ ಬರೆದುಕೊಡುವ ಪ್ರಸ್ತಾವ ಸಿದ್ಧಪಡಿಸುವಾಗ ಕಲಿತದ್ದು*

ತಾಲ್ಲೂಕು ಕೇಂದ್ರದಲ್ಲಿ ನಡೆದ ಸನ್ಮಾನದ ಚಿತ್ರ ಅದು. ವೇದಿಕೆಯ ಮೇಲೆ ಏಳು ಮಂದಿ ಸಾಲಾಗಿ ನಿಂತಿದ್ದರು. ವರದಿಗಾರರು ಏಳೂ ಹೆಸರುಗಳನ್ನು ಎಡದಿಂದ ಬಲಕ್ಕೆ ಸರಿಯಾಗಿಯೇ ಬರೆದು ಕಳಿಸಿದ್ದರು. ರಾತ್ರಿ ಪುಟದಲ್ಲಿ ಜಾಗ ಸಾಲದೆ ಐದು ಕಾಲಂ ಚಿತ್ರವನ್ನು ಮೂರು ಕಾಲಮ್ಮಿಗೆ ಇಳಿಸಬೇಕಾಯಿತು. ಪುಟವಿನ್ಯಾಸಕರು ಎಡಗಡೆಯ ಇಬ್ಬರನ್ನು ಕತ್ತರಿಸಿದರು. ಅಡಿಬರಹ ಮಾತ್ರ ಇದ್ದ ಹಾಗೆಯೇ ಉಳಿಯಿತು.

ಬೆಳಿಗ್ಗೆ ಪತ್ರಿಕೆ ಕೈಗೆ ಬಂದಾಗ ಚಿತ್ರದಲ್ಲಿ ಐದು ಮಂದಿ, ಕೆಳಗೆ ಏಳು ಹೆಸರು. ಎಡದ ತುದಿಯಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದ ನಿವೃತ್ತ ಮೇಷ್ಟ್ರ ಮುಖಕ್ಕೆ, ಚಿತ್ರದಲ್ಲೇ ಇಲ್ಲದ ಅಧಿಕಾರಿಯೊಬ್ಬರ ಹೆಸರು ಬಿದ್ದಿತ್ತು. ಅಂದು ಸನ್ಮಾನ ಆದದ್ದು ಆ ಮೇಷ್ಟ್ರಿಗೆ. ಅವರ ಮನೆಯಿಂದ ಕಚೇರಿಗೆ ಬಂದ ಕರೆಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಎಂದು ಸುದ್ದಿ ಸಂಪಾದಕರು ನನಗೆ ಹೇಳಿದರು.

ಅದಾದ ಮೇಲೆಯೇ ಅವರು ನನ್ನನ್ನು ಕರೆಸಿದ್ದು. ನಾನು ಯಾವ ಕಂಪನಿಗೂ ಸೇರದೆ, ಸಣ್ಣ ಕಚೇರಿಗಳಿಗೆ ಬೇಕಾದ ತಂತ್ರಾಂಶ ಬರೆದುಕೊಡುವ ಕೆಲಸ ಮಾಡುತ್ತೇನೆ. ಅವರ ಬೇಡಿಕೆ ಎರಡೇ ಮಾತಿನಲ್ಲಿತ್ತು: "ಫೋಟೊ ತಾನಾಗೇ ಸೈಜಿಗೆ ಬರಬೇಕು, ಕ್ಯಾಪ್ಷನ್ ತಾನಾಗೇ ಕೂರಬೇಕು. ಎಷ್ಟಾಗ್ತದೆ ಬರ್ಕೊಡ್ರಿ."

ಲೆಕ್ಕ ಬರೆದುಕೊಡುವ ಮೊದಲು ಮೂರು ಸಂಜೆ ಡೆಸ್ಕ್‌ನಲ್ಲಿ ಸುಮ್ಮನೆ ಕೂತು ನೋಡಲು ಅವಕಾಶ ಕೇಳಿದೆ. ಆ ಮೂರು ಸಂಜೆಗಳಲ್ಲಿ ನನಗೆ ಖಚಿತವಾದ ಒಂದು ಸಂಗತಿಯ ಮೇಲೆಯೇ ಇಡೀ ಪ್ರಸ್ತಾವ ನಿಂತಿತು. ಚಿತ್ರದ ಅಳತೆ ಬದಲಿಸುವುದು ಮತ್ತು ಅಡಿಬರಹ ಬರೆಯುವುದು ಬೇರೆ ಬೇರೆ ಕೆಲಸಗಳಲ್ಲ. ಅವನ್ನು ಬೇರೆ ಎಂದು ಇಟ್ಟುಕೊಂಡದ್ದರಿಂದಲೇ ಮೇಷ್ಟ್ರ ಹೆಸರು ಕಳೆದುಹೋಗಿದ್ದು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಎಷ್ಟು ಹಿಗ್ಗೀತು?

ಮೊದಲ ಸಂಜೆ ಗಮನಿಸಿದ್ದು ಚಿತ್ರಗಳು ಬರುವ ದಾರಿ. ಕಚೇರಿಯ ಇಬ್ಬರು ಛಾಯಾಗ್ರಾಹಕರು ಕ್ಯಾಮೆರಾದ ಪೂರ್ತಿ ಗಾತ್ರದ ಕಡತ ಕೊಡುತ್ತಾರೆ. ಉಳಿದ ಬಹುಪಾಲು ಚಿತ್ರಗಳು ತಾಲ್ಲೂಕಿನ ಅರೆಕಾಲಿಕ ವರದಿಗಾರರ ಮೊಬೈಲಿನಿಂದ ವಾಟ್ಸ್‌ಆ್ಯಪ್ ಮೂಲಕ ಬರುತ್ತವೆ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ವಾಟ್ಸ್‌ಆ್ಯಪ್ ಚಿತ್ರದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಚಿತ್ರ ತೆಗೆದ ದಿನ, ಸಮಯ, ಕ್ಯಾಮೆರಾದ ವಿವರಗಳನ್ನೂ ಕಳಚಿಹಾಕುತ್ತದೆ. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಎಂದು ಲಗತ್ತಿಸಿದರೆ ಕಡತ ಇದ್ದಂತೆಯೇ ಬರುತ್ತದೆ. ಪ್ರಸ್ತಾವದ ಮೊದಲ ಶಿಫಾರಸಿಗೆ ಹಣವನ್ನೇ ಕೇಳಲಿಲ್ಲ: ವರದಿಗಾರರೆಲ್ಲರೂ ಇನ್ನು ಮುಂದೆ ಚಿತ್ರವನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಲಿ.

ಆದರೂ ಹಳೆಯ ರೂಢಿ ಒಂದೇ ದಿನಕ್ಕೆ ಹೋಗುವುದಿಲ್ಲ. ಹಾಗಾಗಿ 1600 ಪಿಕ್ಸೆಲ್ ಚಿತ್ರ ಎಲ್ಲಿಯವರೆಗೆ ಬಾಳುತ್ತದೆ ಎಂಬ ಲೆಕ್ಕ ಬೇಕಿತ್ತು. ಆ ಪತ್ರಿಕೆಯ ಪುಟದಲ್ಲಿ ಎಂಟು ಕಾಲಂ. ಒಂದು ಕಾಲಮ್ಮಿನ ಅಗಲ 3.8 ಸೆಂ.ಮೀ., ನಡುವಿನ ತೆರಪು 4 ಮಿ.ಮೀ. ಅಂದರೆ ಮೂರು ಕಾಲಂ ಚಿತ್ರಕ್ಕೆ 12.2 ಸೆಂ.ಮೀ. ಸಿಗುತ್ತದೆ, ಐದು ಕಾಲಮ್ಮಿಗೆ 20.6 ಸೆಂ.ಮೀ. ಇಂಚಿನಲ್ಲಿ ಹೇಳುವುದಾದರೆ 4.8 ಮತ್ತು 8.1.

ಹೊಳಪು ಕಾಗದಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಸುದ್ದಿಕಾಗದ ಶಾಯಿಯನ್ನು ಹೀರಿ ಚುಕ್ಕೆಯನ್ನು ಹರಡುತ್ತದೆ. ಅದಕ್ಕೇ ಅಲ್ಲಿ ಇಂಚಿಗೆ 85ರಿಂದ 100 ಸಾಲಿನ ಒರಟು ಚುಕ್ಕೆಜಾಲದಲ್ಲಿ ಮುದ್ರಿಸುತ್ತಾರೆ. ಸಾಲಿನ ಸಂಖ್ಯೆಯ ಎರಡು ಪಟ್ಟು ಪಿಕ್ಸೆಲ್ ಇದ್ದರೆ ಚಿತ್ರ ಚೆನ್ನ, ಒಂದೂವರೆ ಪಟ್ಟು ಇದ್ದರೆ ಸಹನೀಯ. ಹೀಗಾಗಿ 200 ಸಾಕು, 150ಕ್ಕಿಂತ ಇಳಿಯಬಾರದು ಎಂದು ಗೆರೆ ಎಳೆದೆ.

ಸನ್ಮಾನದ ಚಿತ್ರಕ್ಕೆ ಇದನ್ನು ಹಚ್ಚಿ ನೋಡಿ. ಕತ್ತರಿಸದ 1600 ಪಿಕ್ಸೆಲ್ ಚಿತ್ರವನ್ನು ಐದು ಕಾಲಮ್ಮಿಗೆ ಹಾಕಿದರೆ ಇಂಚಿಗೆ 197 ಬರುತ್ತದೆ, ತೊಂದರೆಯಿಲ್ಲ. ಎಡಗಡೆಯ ಶೇ 28ರಷ್ಟು ಭಾಗ ಕತ್ತರಿಸಿದರೆ ಉಳಿಯುವುದು 1152 ಪಿಕ್ಸೆಲ್. ಮೂರು ಕಾಲಮ್ಮಿಗೆ ಅದು 240, ಧಾರಾಳ. ಆದರೆ ಜಾಹೀರಾತೊಂದು ಬಿದ್ದುಹೋಗಿ, ಅದೇ ಕತ್ತರಿಸಿದ ಚಿತ್ರವನ್ನು ಮತ್ತೆ ಐದು ಕಾಲಮ್ಮಿಗೆ ಹಿಗ್ಗಿಸಿದರೆ 142ಕ್ಕೆ ಇಳಿಯುತ್ತದೆ. ಮುಖಗಳ ಅಂಚು ಮಸುಕಾಗಿ, ಗಾಢ ಬಟ್ಟೆಯಲ್ಲಿ ಚೌಕುಳಿ ಕಾಣತೊಡಗುವುದು ಇಂಥಲ್ಲಿ. ಪರದೆಯ ಮೇಲೆ ಇದು ತಿಳಿಯುವುದಿಲ್ಲ. ಅಚ್ಚಾದ ಮೇಲೆ ತಿಳಿದು ಪ್ರಯೋಜನವಿಲ್ಲ.

ಆದ್ದರಿಂದ ತಂತ್ರಾಂಶ ಎಷ್ಟು ಕಾಲಂ ಎಂದು ಕೇಳಿ, ಲೆಕ್ಕ ಹಾಕಿ, 150ಕ್ಕಿಂತ ಕಡಿಮೆಯಾದರೆ ಕೆಂಪು ಪಟ್ಟಿ ತೋರಿಸಬೇಕು ಎಂದು ಬರೆದೆ. ಚಿತ್ರವನ್ನು ತಡೆಹಿಡಿಯುವುದು ಬೇಡ. ಅಪಘಾತದ ಸ್ಥಳದಿಂದ ಬಂದ ಒಂದೇ ಒಂದು ಮಸುಕು ಚಿತ್ರವನ್ನು ಹಾಕಲೇಬೇಕಾದ ರಾತ್ರಿಗಳಿರುತ್ತವೆ. ಆ ತೀರ್ಮಾನ ಡೆಸ್ಕಿನದು.

ಹೆಸರನ್ನು ಮುಖಕ್ಕೆ ಕಟ್ಟುವುದು

ಎರಡನೆಯ ಸಂಜೆ ಅಡಿಬರಹ ಹುಟ್ಟುವುದನ್ನು ನೋಡಿದೆ. ವರದಿಗಾರರು ಹೆಸರುಗಳನ್ನು ಒಂದು ಸಾಲಿನಲ್ಲಿ ಬರೆಯುತ್ತಾರೆ. ಆ ಸಾಲಿಗೆ ಚಿತ್ರದ ಜೊತೆ ಇರುವ ಸಂಬಂಧ 'ಎಡದಿಂದ' ಎಂಬ ಒಂದು ಪದ ಮಾತ್ರ. ಚಿತ್ರವನ್ನು ಕತ್ತರಿಸಿದ ಕ್ಷಣ ಆ ಪದ ಸುಳ್ಳಾಗುತ್ತದೆ, ಆದರೆ ಹಾಗಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಕತ್ತರಿಸುವವರು ಒಂದು ಕಂಪ್ಯೂಟರಿನಲ್ಲಿ, ಅಡಿಬರಹ ತಿದ್ದುವವರು ಇನ್ನೊಂದರಲ್ಲಿ.

ನಾನು ಸೂಚಿಸಿದ ದಾರಿ ಸರಳ. ವರದಿಗಾರರು ಚಿತ್ರ ಕಳಿಸುವಾಗ ಪ್ರತಿಯೊಬ್ಬರ ಮುಖದ ಮೇಲೆ ಬೆರಳಿಟ್ಟು ಹೆಸರು ಬರೆಯಬೇಕು. ಬೆರಳು ಬಿದ್ದ ಜಾಗವನ್ನು ತಂತ್ರಾಂಶ ಪಿಕ್ಸೆಲ್‌ನಲ್ಲಿ ಅಲ್ಲ, ಅಗಲದ ಭಾಗವಾಗಿ ಬರೆದಿಡುತ್ತದೆ. ಎಡ ಅಂಚು 0, ಬಲ ಅಂಚು 1. ಸನ್ಮಾನದ ಚಿತ್ರದಲ್ಲಿ ಏಳು ಮುಖಗಳು 0.08, 0.20, 0.34, 0.47, 0.60, 0.74, 0.90ರಲ್ಲಿ ಬೀಳುತ್ತವೆ. ಚಿತ್ರ ದೊಡ್ಡದಾಗಲಿ, ಚಿಕ್ಕದಾಗಲಿ ಈ ಭಾಗಗಳು ಬದಲಾಗುವುದಿಲ್ಲ. ಪುಟವಿನ್ಯಾಸಕರು 0.28ರಿಂದ ಬಲಕ್ಕಿರುವುದನ್ನು ಮಾತ್ರ ಉಳಿಸಿ ಕತ್ತರಿಸಿದರೆ 0.08 ಮತ್ತು 0.20ರಲ್ಲಿದ್ದ ಎರಡು ಹೆಸರುಗಳು ತಾವಾಗಿಯೇ ಅಡಿಬರಹದಿಂದ ಹೊರಬೀಳುತ್ತವೆ. ಮೇಷ್ಟ್ರು 0.34ರಲ್ಲಿದ್ದಾರೆ. ಈಗ ಎಡದಿಂದ ಮೊದಲ ಹೆಸರು ಅವರದೇ.

ಇದಕ್ಕೆ ಒಂದು ಷರತ್ತಿದೆ: ಕತ್ತರಿಸುವ ಕೆಲಸವೂ ಇದೇ ತಂತ್ರಾಂಶದಲ್ಲಿ ನಡೆಯಬೇಕು. ಪುಟವಿನ್ಯಾಸಕರು ಪುಟದ ತಂತ್ರಾಂಶದಲ್ಲಿ ಚೌಕಟ್ಟನ್ನು ಎಳೆದು ಚಿತ್ರದ ಅಂಚು ಮರೆಮಾಡಿದರೆ ನನ್ನ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ, ಹಳೆಯ ತಪ್ಪು ಮತ್ತೆ ಬರುತ್ತದೆ. ಈ ಮಿತಿಯನ್ನು ಪ್ರಸ್ತಾವದಲ್ಲಿ ದಪ್ಪಕ್ಷರದಲ್ಲಿ ಬರೆದೆ. ಡೆಸ್ಕ್ ತನ್ನ ರೂಢಿ ಬದಲಿಸದಿದ್ದರೆ ಈ ಭಾಗಕ್ಕೆ ಹಣ ಕೊಡುವುದು ವ್ಯರ್ಥ ಎಂದು ನೇರವಾಗಿ ಹೇಳುವುದು ನನ್ನ ಕರ್ತವ್ಯವಾಗಿತ್ತು.

ಇನ್ನೂ ಎರಡು ತೊಡಕುಗಳಿದ್ದವು. ಮೊಬೈಲನ್ನು ನಿಲ್ಲಿಸಿ ತೆಗೆದ ಚಿತ್ರ ಅನೇಕ ವೇಳೆ ಕಡತದೊಳಗೆ ಮಲಗಿಯೇ ಇರುತ್ತದೆ. 'ತೋರಿಸುವಾಗ ತಿರುಗಿಸಿ' ಎಂಬ ಸೂಚನೆಯೊಂದು ಮಾತ್ರ ಜೊತೆಗಿರುತ್ತದೆ. ಕೆಲವು ತಂತ್ರಾಂಶಗಳು ಆ ಸೂಚನೆಯನ್ನು ಓದುತ್ತವೆ, ಕೆಲವು ಓದುವುದಿಲ್ಲ. ಓದದ ಕಡೆ ಎಡ-ಬಲ ಹೋಗಿ ಮೇಲೆ-ಕೆಳಗೆ ಆಗುತ್ತದೆ, ನಾವು ಗುರುತಿಸಿದ ಮುಖಗಳೆಲ್ಲ ತಪ್ಪುತ್ತವೆ. ಅದಕ್ಕೆ ಎಲ್ಲಕ್ಕಿಂತ ಮೊದಲು ಚಿತ್ರವನ್ನು ನಿಜವಾಗಿಯೇ ತಿರುಗಿಸಿಕೊಂಡು, ಆಮೇಲೆ ಹೆಸರು ಕೇಳಬೇಕು. ಎರಡನೆಯದು, ಕುಳಿತವರು ಮತ್ತು ನಿಂತವರು ಎಂದು ಎರಡು ಸಾಲಿರುವ ಚಿತ್ರ. ಅಲ್ಲಿ ಯಾರು ಯಾವ ಸಾಲಿನವರು ಎಂಬುದನ್ನು ವರದಿಗಾರರೇ ಗುರುತಿಸಬೇಕು. ತಂತ್ರಾಂಶ ಊಹಿಸಲು ಹೋದರೆ ಎತ್ತರದವರು ಕುಳಿತ ಸಾಲಿನಿಂದ ಹಿಂದಿನ ಸಾಲಿಗೆ ಹಾರುತ್ತಾರೆ.

ಕತ್ತರಿಸುವ, ಅಳತೆಗೆ ತರುವ ಕೆಲಸಕ್ಕೆ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಯಾರು ಬೇಕಾದರೂ ಬಳಸಬಹುದಾದ ಇಮೇಜ್‌ಮ್ಯಾಜಿಕ್ ಎಂಬ ಸಾಧನ ವರ್ಷಗಳಿಂದ ಇದೆ. ನಮ್ಮ ಉದಾಹರಣೆಗೆ ಬೇಕಾದ ಆಜ್ಞೆ ಇಷ್ಟೇ:

```
magick in.jpg -auto-orient -crop 1152x900+448+150 +repage -resize 961x -quality 90 out.jpg
```

ಮೊದಲು ನೆಟ್ಟಗೆ ತಿರುಗಿಸು, ಎಡದಿಂದ 448 ಮತ್ತು ಮೇಲಿಂದ 150 ಪಿಕ್ಸೆಲ್ ಬಿಟ್ಟು ಕತ್ತರಿಸು, ಮೂರು ಕಾಲಮ್ಮಿಗೆ ಬೇಕಾದ 961 ಪಿಕ್ಸೆಲ್ ಅಗಲಕ್ಕೆ ತಾ. ಒಳಕಡತ ಮತ್ತು ಹೊರಕಡತಕ್ಕೆ ಬೇರೆ ಹೆಸರು ಇರುವುದನ್ನು ಗಮನಿಸಿ. ಮೂಲ ಚಿತ್ರದ ಮೇಲೆಯೇ ಬರೆಯುವ ಆಜ್ಞೆಯೂ ಇದೇ ಸಾಧನದಲ್ಲಿದೆ. ಅದನ್ನು ಎಲ್ಲಿಯೂ ಬಳಸುವುದಿಲ್ಲ ಎಂದು ಪ್ರಸ್ತಾವದಲ್ಲಿ ಮಾತು ಕೊಟ್ಟೆ. ಒಮ್ಮೆ ಕುಗ್ಗಿಸಿ ಉಳಿಸಿದ ಚಿತ್ರದಿಂದ ಕಳೆದ ಪಿಕ್ಸೆಲ್ ಮರಳಿ ಬರುವುದಿಲ್ಲ.

ವಿಭಕ್ತಿ ಬರುವಲ್ಲಿ ಅಚ್ಚು ಸಾಲದು

"ಕ್ಯಾಪ್ಷನ್ ತಾನಾಗೇ ಕೂರಬೇಕು" ಎಂಬ ಮಾತಿಗೆ ನಾನು ಕೊಟ್ಟ ಅರ್ಥ ಹೀಗೆ: ವರದಿಗಾರರು ತುಂಬಿದ ಊರು, ದಿನ, ಕಾರ್ಯಕ್ರಮ, ಹೆಸರುಗಳನ್ನು ಜೋಡಿಸಿ ತಂತ್ರಾಂಶ ಒಂದು ಕರಡು ವಾಕ್ಯ ಕೊಡುತ್ತದೆ. ತುಂಬದ ಯಾವುದನ್ನೂ ಅದು ಸೇರಿಸುವುದಿಲ್ಲ. ಚಿತ್ರದಲ್ಲಿರುವವರು ಯಾರೆಂದು ಮುಖ ನೋಡಿ ಊಹಿಸುವ ಯಾವ ಸೌಲಭ್ಯವನ್ನೂ ಪ್ರಸ್ತಾವದಲ್ಲಿ ಇಡಲಿಲ್ಲ. ಹತ್ತು ಸಲ ಸರಿಯಾಗಿ ಹನ್ನೊಂದನೆಯ ಸಲ ಒಬ್ಬ ನಿರಪರಾಧಿಯ ಚಿತ್ರಕ್ಕೆ ಆರೋಪಿಯ ಹೆಸರು ಬಿದ್ದರೆ, ಅದರ ಹೊಣೆಯನ್ನು ಯಾವ ತಂತ್ರಾಂಶವೂ ಹೊರಲಾರದು.

ಇಷ್ಟು ಸರಳ ಜೋಡಣೆಯೂ ಕನ್ನಡದಲ್ಲಿ ಸುಲಭವಲ್ಲ. ಊರಿನ ಹೆಸರಿಗೆ 'ಅಲ್ಲಿ' ಸೇರಿಸಬೇಕು. ಶಿವಮೊಗ್ಗ ಇದ್ದರೆ ಶಿವಮೊಗ್ಗದಲ್ಲಿ, ದಾವಣಗೆರೆ ಇದ್ದರೆ ದಾವಣಗೆರೆಯಲ್ಲಿ, ಕಡೂರು ಇದ್ದರೆ ಕಡೂರಿನಲ್ಲಿ. ಕೊನೆಯ ಸ್ವರ ನೋಡಿ ನಿಯಮ ಬರೆಯಬಹುದು, ಬಹಳಷ್ಟು ಊರುಗಳಿಗೆ ಅದು ಒಪ್ಪುತ್ತದೆ ಕೂಡ. ಆದರೆ ಒಬ್ಬ ವರದಿಗಾರರು ಗೋಕಾಕ ಎಂದು ಬರೆದರೆ ಇನ್ನೊಬ್ಬರು ಗೋಕಾಕ್ ಎನ್ನುತ್ತಾರೆ. ಒಂದಕ್ಕೆ 'ಗೋಕಾಕದಲ್ಲಿ', ಇನ್ನೊಂದಕ್ಕೆ 'ಗೋಕಾಕ್‌ನಲ್ಲಿ'. ಬಡಾವಣೆಗಳು, ಶಾಲೆಗಳು, ಕಲ್ಯಾಣ ಮಂಟಪಗಳು ಸೇರಿದರೆ ನಿಯಮ ಸೋಲುತ್ತದೆ.

ಫೋಟೊ ಡೆಸ್ಕ್‌ನ ಹಿರಿಯರೊಬ್ಬರ ಮುಂದೆ ಈ ತೊಡಕನ್ನು ಇಟ್ಟೆ. ಅವರು ಕನ್ನಡಕ ತೆಗೆದು, "ನಿಯಮ ಯಾಕ್ರಿ? ನಮ್ಮ ಜಿಲ್ಲೇಲಿ ದಿನಾ ಬರೋ ಊರು ಎಷ್ಟಿದ್ದಾವು? ನಾನು ಕೂತು ಒಂದು ಪಟ್ಟಿ ಬರೆದುಕೊಡ್ತೀನಿ" ಎಂದರು. ಅದೇ ಸರಿಯಾದ ಉತ್ತರವಾಗಿತ್ತು. ಊರಿನ ಹೆಸರು ಒಂದು ಅಂಕಣ, ವಿಭಕ್ತಿ ಸೇರಿದ ರೂಪ ಇನ್ನೊಂದು ಅಂಕಣ. ಪಟ್ಟಿಯಲ್ಲಿರುವ ಊರಿಗೆ ತಂತ್ರಾಂಶ ಆ ರೂಪವನ್ನೇ ಹಾಕುತ್ತದೆ. ಇಲ್ಲದ ಊರು ಬಂದರೆ ಊಹಿಸದೆ ಜಾಗ ಖಾಲಿ ಬಿಟ್ಟು ಡೆಸ್ಕ್‌ಗೆ ಕೇಳುತ್ತದೆ, ಅವರು ತುಂಬಿದ್ದನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಕಾಗುಣಿತದಲ್ಲೂ ಪತ್ರಿಕೆಗೆ ಒಂದೇ ರೂಢಿ ಬರಲು ಇದರಿಂದ ಹಾದಿಯಾಯಿತು.

ಹತ್ತು ಅಕ್ಷರಕ್ಕೆ ನಿಂತ ಹೆಸರು

ಮೂರನೆಯ ಸಂಜೆ ಹಳೆಯ ಚಿತ್ರಗಳ ಭಂಡಾರವನ್ನು ತೆರೆದು ನೋಡಿದೆ. ಕಡತದ ಹೆಸರುಗಳೆಲ್ಲ ಅಂಕಿಗಳು. ಎರಡು ವರ್ಷದ ಹಿಂದಿನ ಪ್ರವಾಹದ ಚಿತ್ರ ಬೇಕೆಂದರೆ ಯಾರಾದರೂ ನೆನಪಿಟ್ಟಿರಬೇಕು. ಅಡಿಬರಹವನ್ನೂ ಚಿತ್ರ ತೆಗೆದವರ ಹೆಸರನ್ನೂ ಕಡತದೊಳಗೇ ಬರೆದಿಟ್ಟರೆ ಈ ತಾಪತ್ರಯವಿಲ್ಲ. ಪತ್ರಿಕಾಲೋಕ ದಶಕಗಳಿಂದ ಬಳಸುತ್ತಿರುವ ಐಪಿಟಿಸಿ ಎಂಬ ಪದ್ಧತಿ ಇರುವುದೇ ಇದಕ್ಕೆ.

ಆದರೆ ಆ ಹಳೆಯ ಪದ್ಧತಿಯಲ್ಲಿ ಛಾಯಾಗ್ರಾಹಕರ ಹೆಸರಿಗೆ ಸಿಗುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಹಾಗಾಗಿ ಇಂಗ್ಲಿಷ್ ಹೆಸರಿಗೆ 32 ಅಕ್ಷರ ಸಿಗುತ್ತದೆ. ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ಕಾಗುಣಿತದ ಗುರುತು, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಮಲ್ಲಿಕಾರ್ಜುನ' ಎಂಬ ಹೆಸರನ್ನು ಬಿಡಿಸಿದರೆ ಹನ್ನೆರಡು ಚಿಹ್ನೆ, 36 ಬೈಟ್. ಹತ್ತು ಚಿಹ್ನೆಗೆ ಜಾಗ ಮುಗಿದು 'ಮಲ್ಲಿಕಾರ್ಜ' ಎಂಬಲ್ಲಿಗೆ ಹೆಸರು ನಿಲ್ಲುತ್ತದೆ. ತಂದೆಯ ಹೆಸರು, ಊರಿನ ಹೆಸರು ಸೇರಿಸುವ ಮಾತೇ ಇಲ್ಲ.

ಇದಕ್ಕೆ ಪರಿಹಾರ ಅದೇ ವಿವರವನ್ನು ಎಕ್ಸ್‌ಎಂಪಿ ಎಂಬ ಹೊಸ ಜಾಗದಲ್ಲಿ ಬರೆಯುವುದು. ಅಲ್ಲಿ ಈ ಅಳತೆಯ ಕಟ್ಟಿಲ್ಲ. ಬರೆಯುವ ಸಾಧನ ಎಕ್ಸಿಫ್‌ಟೂಲ್:

```
exiftool -all= --icc_profile:all -XMP-dc:Creator="ಮಲ್ಲಿಕಾರ್ಜುನ" -XMP-dc:Description="..." -overwrite_original out.jpg
```

ಈ ಆಜ್ಞೆಯ ಮೊದಲ ಭಾಗ, ಬಣ್ಣದ ವಿವರವೊಂದನ್ನು ಬಿಟ್ಟು ಕಡತದೊಳಗಿನ ಹಳೆಯ ಮಾಹಿತಿಯನ್ನೆಲ್ಲ ಅಳಿಸುತ್ತದೆ. ಹಾಗೆ ಅಳಿಸಲು ಬಲವಾದ ಕಾರಣವಿದೆ. ಮೊಬೈಲು ಮತ್ತು ಕ್ಯಾಮೆರಾಗಳು ದೊಡ್ಡ ಚಿತ್ರದ ಕಡತದೊಳಗೆ ಒಂದು ಪುಟ್ಟ ಪ್ರತಿಯನ್ನೂ ಅಡಗಿಸಿಡುತ್ತವೆ. ಮೊಬೈಲಿನಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶವೂ ಸೇರಿರುತ್ತದೆ. ದೊಡ್ಡ ಚಿತ್ರದಲ್ಲಿ ಮುಖ ಮಸುಕುಗೊಳಿಸಿ ಜಾಲತಾಣಕ್ಕೆ ಹಾಕಿದರೂ ಒಳಗಿನ ಪುಟ್ಟ ಪ್ರತಿಯಲ್ಲಿ ಆ ಮುಖ ನಿಚ್ಚಳವಾಗಿ ಉಳಿದಿರಬಹುದು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತನ್ನು ಮಾಧ್ಯಮ ಬಯಲು ಮಾಡುವುದನ್ನು 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನಿಷೇಧಿಸುತ್ತದೆ. ಕಾನೂನು ಸಂಘರ್ಷಕ್ಕೆ ಒಳಗಾದ ಅಥವಾ ಪಾಲನೆ, ರಕ್ಷಣೆ ಬೇಕಾದ ಮಕ್ಕಳ ವಿಚಾರದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕೂಡ ಹಾಗೆಯೇ ಹೇಳುತ್ತದೆ. ಮನೆಯ ಜಾಗ ತಿಳಿದರೆ ಮಗು ಯಾರೆಂದು ಊರಿಗೇ ತಿಳಿದಂತೆ. ಹೀಗಾಗಿ ಪ್ರಸ್ತಾವದಲ್ಲಿ ಇನ್ನೊಂದು ಬಾಗಿಲು ಇಟ್ಟೆ: ವರದಿಗಾರರು ಅಥವಾ ಡೆಸ್ಕ್ 'ಗುರುತು ಮರೆಮಾಚಬೇಕು' ಎಂದು ಒತ್ತಿದ ಚಿತ್ರ ಯಾವ ಸ್ವಯಂಚಾಲಿತ ದಾರಿಯಲ್ಲೂ ಸಾಗುವುದಿಲ್ಲ. ಹಿರಿಯರೊಬ್ಬರು ಕೈಯಾರೆ ಬಿಡುಗಡೆ ಮಾಡುವ ತನಕ ಅಲ್ಲಿಯೇ ನಿಲ್ಲುತ್ತದೆ.

ಒಪ್ಪಿಗೆಗೆ ಯಾವುದು ಸಾಕ್ಷಿ?

ಪ್ರಸ್ತಾವದ ಕೊನೆಯ ಪುಟದಲ್ಲಿ ದಿನಗಳ ಲೆಕ್ಕ ಬರೆದೆ. ಅಳತೆ ಮತ್ತು ಎಚ್ಚರಿಕೆಯ ಭಾಗಕ್ಕೆ ಆರು ದಿನ. ಕತ್ತರಿಸುವಿಕೆ ಮತ್ತು ಮುಖಕ್ಕೆ ಹೆಸರು ಕಟ್ಟುವ ಭಾಗಕ್ಕೆ ಒಂಬತ್ತು. ಕರಡು ವಾಕ್ಯ ಮತ್ತು ಊರಿನ ಪಟ್ಟಿಗೆ ನಾಲ್ಕು, ಕಡತದೊಳಗಿನ ಮಾಹಿತಿಗೆ ಎರಡು, ಪರೀಕ್ಷೆಗೆ ಮೂರು. ಒಟ್ಟು ಇಪ್ಪತ್ತನಾಲ್ಕು ಕೆಲಸದ ದಿನ. ಹಣ ಮೂರು ಕಂತಿನಲ್ಲಿ, ಕೊನೆಯ ಕಂತು ಒಪ್ಪಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ.

ಪರೀಕ್ಷೆ ಹೇಗಿರಬೇಕೆಂಬುದನ್ನೂ ಅಲ್ಲೇ ಬರೆಯುವುದು ಮುಖ್ಯ. ಇಲ್ಲದಿದ್ದರೆ 'ಆಗಿದೆ', 'ಆಗಿಲ್ಲ' ಎಂಬ ಜಗಳಕ್ಕೆ ಕೊನೆಯಿಲ್ಲ. ನಾನು ಅಂದವಾದ ಮಾದರಿ ಚಿತ್ರಗಳನ್ನು ತರುವುದಿಲ್ಲ, ಕಚೇರಿಗೆ ಒಂದು ವಾರ ನಿಜವಾಗಿ ಬಂದ ಚಿತ್ರಗಳನ್ನೇ ಹಾಯಿಸಬೇಕು ಎಂದೆ. ಅದರಲ್ಲಿ ಮಲಗಿದ ಚಿತ್ರವಿರಬೇಕು, ಎರಡು ಸಾಲಿನ ಗುಂಪಿರಬೇಕು, ಅರ್ಧ ಮಾತ್ರ ಬಂದ ಕಡತವೂ ಇರಬೇಕು. ಸಂಪರ್ಕ ಕಡಿದು ಅರ್ಧಕ್ಕೆ ನಿಂತ ಚಿತ್ರದ ಮೇಲ್ಭಾಗ ಸರಿಯಾಗಿ ಕಂಡು ಕೆಳಗೆಲ್ಲ ಬೂದು ಬಣ್ಣವಿರುತ್ತದೆ. ಪುಟ್ಟ ನೋಟದಲ್ಲಿ ಅದನ್ನು ಮೋಡವೆಂದೋ ನೆಲವೆಂದೋ ಭಾವಿಸುವ ಸಂಭವವಿದೆ. ಜೆಪಿಇಜಿ ಕಡತದಲ್ಲಿ ಚಿತ್ರದ ದತ್ತಾಂಶ `FF D9` ಎಂಬ ಎರಡು ಬೈಟ್‌ಗಳಿಂದ ಮುಗಿಯಬೇಕು. ಅವು ಕಾಣದಿದ್ದರೆ ತಂತ್ರಾಂಶ ಮುಂದೆ ಹೋಗದೆ ಮತ್ತೆ ಕಳಿಸುವಂತೆ ವರದಿಗಾರರಿಗೆ ಹೇಳಬೇಕು.

ಪರೀಕ್ಷೆಯ ಬಳಿಕ ಎರಡು ವಾರ ಹಳೆಯ ಪದ್ಧತಿ ಮತ್ತು ಹೊಸದು ಒಟ್ಟಿಗೆ ನಡೆಯಬೇಕು. ಪತ್ರಿಕೆ ಎಂದಿನಂತೆ ಹಳೆಯ ದಾರಿಯಲ್ಲೇ ಹೊರಡುತ್ತದೆ. ಮರುದಿನ ಎರಡರ ಅಡಿಬರಹಗಳನ್ನು ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಇದ್ದಲ್ಲೆಲ್ಲ ಯಾವುದು ಸರಿ ಎಂದು ಡೆಸ್ಕ್ ಗುರುತು ಹಾಕುತ್ತದೆ. ಹೆಸರು ತಪ್ಪು ಮುಖಕ್ಕೆ ಬಿದ್ದದ್ದು ಒಂದು ಸಲ ಕಂಡರೂ ಕೊನೆಯ ಕಂತು ನಿಲ್ಲುತ್ತದೆ. ಈ ಷರತ್ತನ್ನು ಹಾಕಿದ್ದು ಕಚೇರಿಯಲ್ಲ, ನಾನೇ.

ಸುದ್ದಿ ಸಂಪಾದಕರು ಪ್ರಸ್ತಾವವನ್ನು ನಿಧಾನವಾಗಿ ಓದಿದರು. ದರದ ಬಗ್ಗೆ ಮಾತಾಡುವ ಮೊದಲು ಪೆನ್ನು ತೆಗೆದುಕೊಂಡು ಶೀರ್ಷಿಕೆಯಲ್ಲಿದ್ದ 'ಸ್ವಯಂಚಾಲಿತ ಅಡಿಬರಹ' ಎಂಬುದನ್ನು ಹೊಡೆದು 'ಅಡಿಬರಹದ ಕರಡು' ಎಂದು ಬರೆದರು. "ಕರಡು ಅಂತ ಇದ್ದರೆ ಯಾರಾದರೂ ಓದಲೇಬೇಕಾಗ್ತದೆ" ಎಂದರು. ಆಮೇಲೆ ಪರೀಕ್ಷೆಯ ಚಿತ್ರಗಳ ಪಟ್ಟಿಯ ಮೇಲ್ತುದಿಯಲ್ಲಿ ತಾವೇ ಒಂದು ಸಾಲು ಸೇರಿಸಿದರು. ಮೇಷ್ಟ್ರ ಸನ್ಮಾನದ ಆ ಏಳು ಮಂದಿಯ ಚಿತ್ರ, ಎಡದ ಇಬ್ಬರನ್ನು ಕತ್ತರಿಸಿ, ಮೂರು ಕಾಲಮ್ಮಿಗೆ. ಅದು ಸರಿ ಬಂದ ಮೇಲೆಯೇ ಉಳಿದದ್ದು.